ವೋಲ್ಡ್‌ಮಾರ್ಟ್ ಯಾಕೆ ಸಾಯಲಿಲ್ಲ? ಮಕ್ಕಳಿಗೆ ಬಿಡಿಸಿ ಹೇಳುವುದು ಹೀಗೆ

ಬೇಸಿಗೆ ರಜೆ ಬಂತೆಂದರೆ ವಿಜಯಪುರದ ನಮ್ಮ ಓಣಿಯಲ್ಲಿ ಹ್ಯಾರಿ ಪಾಟರ್ ಪುಸ್ತಕಗಳು ಮನೆಯಿಂದ ಮನೆಗೆ ಸುತ್ತುತ್ತವೆ. ಮಧ್ಯಾಹ್ನ ಹೊರಗೆ ಕಾಲಿಡಲಾಗದ ಬಿಸಿಲು, ಹುಡುಗರು ಮತ್ತೇನು ಮಾಡಬೇಕು? ನಾಲ್ಕನೇ ಪುಸ್ತಕದ ಹೊತ್ತಿಗೆ ಖಳನಾಯಕ ವೋಲ್ಡ್‌ಮಾರ್ಟ್ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ: "ಕಾಕಾ, ಅಂವಾ ಮೊದಲ ಸತ್ತಿದ್ದನಲ್ಲಾ, ಮತ್ತ ಹೆಂಗ ಬಂದಾ?" ಆಗ ದೊಡ್ಡವರು ಕೊಡುವ ಉತ್ತರಗಳನ್ನು ಕೇಳಿದ್ದೇನೆ. ಹತ್ತರಲ್ಲಿ ಒಂಬತ್ತು ತಪ್ಪು.

ಮೊದಲ ಕೆಲಸ, ವೋಲ್ಡ್‌ಮಾರ್ಟ್‌ನ ಆತ್ಮದ ತುಂಡುಗಳಿರುವ ಏಳು ವಸ್ತುಗಳ ಪಟ್ಟಿಯನ್ನು ಪಕ್ಕಕ್ಕಿಡಿ. ಡೈರಿ, ಉಂಗುರ, ಲಾಕೆಟ್, ಬಟ್ಟಲು ಅಂತ ಬಾಯಿಪಾಠ ಮಾಡಿಸಿದರೆ ಮಗುವಿಗೆ ಹೆಸರು ಬರುತ್ತವೆ, ನಿಯಮ ಬರುವುದಿಲ್ಲ. ಎಲ್ಲ ವಸ್ತುಗಳ ಚಿತ್ರ ಹಾಕಿದ ಪೋಸ್ಟರ್ ಸಿಗುತ್ತದೆ, ಅದನ್ನೂ ತರಬೇಡಿ. ಪುಸ್ತಕ ಓದದ ಮಗು ಅದನ್ನು ನೋಡಿದರೆ ಕೊನೆಯ ಗುಟ್ಟೂ ಹೋಯಿತು.

ಆಮೇಲೆ ಹಾರ್‌ಕ್ರಕ್ಸ್ ಅಂದರೆ ಏನು ಅನ್ನುವುದು. ಕೊಲೆ ಮಾಡಿದರೆ ಕೊಂದವನ ಆತ್ಮ ಹರಿಯುತ್ತದೆ, ಹರಿದ ತುಂಡನ್ನು ಮಂತ್ರ ಹಾಕಿ ಒಂದು ವಸ್ತುವಿನಲ್ಲಿ ಬಚ್ಚಿಟ್ಟರೆ ಅದು ಹಾರ್‌ಕ್ರಕ್ಸ್. ಇಷ್ಟು ಸಾಕು. ಈ ಹೆಸರು ಬರುವುದೇ 2005ರ ಆರನೇ ಪುಸ್ತಕದಲ್ಲಿ, ಹಾಗಾಗಿ ಮಗು ಅಲ್ಲಿಯವರೆಗೆ ಓದಿಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಿ. ನನ್ನ ಮಟ್ಟಿಗೆ ಇದು ಕಡ್ಡಾಯ.

ಈಗ ಎಲ್ಲರೂ ಎಡವುವ ಜಾಗ. ನಮ್ಮವರು ತಕ್ಷಣ ಅಜ್ಜಿ ಕಥೆಗೆ ಹೋಗುತ್ತಾರೆ. ಏಳು ಸಮುದ್ರದಾಚೆ ಗಿಳಿ, ಗಿಳಿಯಲ್ಲಿ ರಾಕ್ಷಸನ ಪ್ರಾಣ. ಹೋಲಿಕೆ ಚೆನ್ನಾಗಿಯೇ ಇದೆ, ಆದರೆ ಅಲ್ಲಿಗೇ ಬಿಟ್ಟರೆ ಕೆಟ್ಟಿತು. ಗಿಳಿಯ ಕತ್ತು ಮುರಿದರೆ ರಾಕ್ಷಸ ಇದ್ದಲ್ಲೇ ಬೀಳುತ್ತಾನೆ. ಹಾರ್‌ಕ್ರಕ್ಸ್ ಒಡೆದರೆ ವೋಲ್ಡ್‌ಮಾರ್ಟ್‌ಗೆ ಏನೂ ಆಗುವುದಿಲ್ಲ, ಎಷ್ಟೋ ಸಲ ಅವನಿಗೆ ಗೊತ್ತೂ ಆಗುವುದಿಲ್ಲ. ಡೈರಿ ಹಾಳಾದದ್ದು ಅವನಿಗೆ ತಿಳಿದದ್ದು ಬಹಳ ತಡವಾಗಿ. ಯಾಕೆಂದರೆ ಅವನ ಪೂರ್ತಿ ಪ್ರಾಣ ಹೊರಗಿಲ್ಲ. ಒಂದು ತುಂಡು ಮೈಯಲ್ಲೇ ಇದೆ, ಉಳಿದ ತುಂಡುಗಳು ಆ ಒಂದು ತುಂಡು ಈ ಲೋಕ ಬಿಟ್ಟು ಹೋಗದಂತೆ ಹಿಡಿದಿಟ್ಟಿವೆ, ಅಷ್ಟೇ. ಹಾಗಾಗಿ ಎಲ್ಲ ಹಾರ್‌ಕ್ರಕ್ಸ್ ಒಡೆದ ಮೇಲೂ ಅವನನ್ನು ಬೇರೆಯಾಗಿ ಕೊಲ್ಲಲೇಬೇಕು.

ಇದನ್ನು 1981ರ ಅಕ್ಟೋಬರ್ 31ರ ರಾತ್ರಿಯ ಮೇಲೆ ಹಚ್ಚಿ ತೋರಿಸಿ. ಅವಸರ ಬೇಡ, ಇಲ್ಲಿ ಜಾಸ್ತಿ ಹೊತ್ತು ಕಳೆಯಿರಿ. ಆ ರಾತ್ರಿ ಅವನ ಹತ್ತಿರ ಐದು ಹಾರ್‌ಕ್ರಕ್ಸ್ ಇದ್ದವು. ಆರನೆಯದನ್ನು ಹ್ಯಾರಿಯನ್ನು ಕೊಂದು ಮಾಡುವ ಲೆಕ್ಕ. ತಾಯಿ ಲಿಲಿ ಮಗನಿಗಾಗಿ ಪ್ರಾಣ ಕೊಟ್ಟಿದ್ದರಿಂದ ಕೊಲೆಮಂತ್ರ ತಿರುಗಿ ಅವನಿಗೇ ಬಡಿಯಿತು. ಮೈ ನಾಶವಾಯಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಮುಗಿಯಿತು. ಇವನ ಆತ್ಮ ಹೋಗಲು ಆಗಲಿಲ್ಲ, ದೆವ್ವಕ್ಕಿಂತ ಕಡೆಯಾಗಿ, ಮೈಯಿಲ್ಲದೆ ಅಲ್ಬೇನಿಯಾದ ಕಾಡಿಗೆ ಓಡಿತು. ಈಗ ಮಗುವನ್ನು ಕೇಳಿ: ಆ ರಾತ್ರಿ ಎಷ್ಟು ಹಾರ್‌ಕ್ರಕ್ಸ್ ಖರ್ಚಾದವು? ದೊಡ್ಡವರೂ "ಒಂದು" ಅನ್ನುತ್ತಾರೆ. ಸರಿ ಉತ್ತರ ಸೊನ್ನೆ. ಐದೂ ಹಾಗೇ ಇದ್ದವು. ಸಲ ಸಲಕ್ಕೆ ಒಂದೊಂದು ಕಳೆಯುವ ಲೆಕ್ಕ ಇದಲ್ಲ. ಒಂದೇ ಒಂದು ಉಳಿದಿದ್ದರೂ ಸಾಕು, ಅವನ ಆತ್ಮ ಹೋಗುವುದಿಲ್ಲ.

ಖರ್ಚಾಗುವುದಿರಲಿ, ಒಂದು ಹೆಚ್ಚೇ ಆಯಿತು. ಹರಿದು ಹರಿದು ಜೀರ್ಣವಾಗಿದ್ದ ಆತ್ಮದಿಂದ ಮತ್ತೊಂದು ಚೂರು ಕಿತ್ತು, ಮನೆಯಲ್ಲಿ ಬದುಕಿದ್ದ ಒಂದೇ ಜೀವಕ್ಕೆ, ಅಂದರೆ ಮಗು ಹ್ಯಾರಿಗೆ, ಅಂಟಿಕೊಂಡಿತು. ಅದನ್ನು ಯಾರೂ ಮಂತ್ರ ಹಾಕಿ ಮಾಡಿದ್ದಲ್ಲ. ವೋಲ್ಡ್‌ಮಾರ್ಟ್‌ಗೂ ಗೊತ್ತಿರಲಿಲ್ಲ.

ಮೈ ವಾಪಸ್ ಬಂದದ್ದು ಹಾರ್‌ಕ್ರಕ್ಸ್‌ನಿಂದ ಅಲ್ಲ. ಇದನ್ನು ಎರಡೆರಡು ಸಲ ಹೇಳಿ. ಹಾರ್‌ಕ್ರಕ್ಸ್ ಸಾವನ್ನು ತಡೆಯುತ್ತದೆ, ಮೈ ಕೊಡುವುದಿಲ್ಲ. ಅದಕ್ಕೇ ಮೊದಲ ಪುಸ್ತಕದಲ್ಲಿ ಕ್ವಿರಲ್ ಮಾಸ್ತರನ ತಲೆಯ ಹಿಂದೆ ಬಾಡಿಗೆಗೆ ಕೂತಿದ್ದ, ನಾಲ್ಕರಲ್ಲಿ ಸ್ಮಶಾನದಲ್ಲಿ ಅಪ್ಪನ ಮೂಳೆ, ಸೇವಕನ ಕೈ, ಶತ್ರುವಿನ ರಕ್ತ ಹಾಕಿ ಮೈ ಬೇಯಿಸಿಕೊಳ್ಳಬೇಕಾಯಿತು. ಎರಡನೇ ಪುಸ್ತಕದ ಡೈರಿ ಮಾತ್ರ ಬೇರೆ. ಅಲ್ಲಿ ಒಳಗಿದ್ದ ತುಂಡೇ ಜಿನ್ನಿ ಅನ್ನುವ ಹುಡುಗಿಯ ಜೀವ ಹೀರಿ ಹೊರಗೆ ಬರಲು ನೋಡಿತು. ಕಾಡಿನಲ್ಲಿದ್ದ ಅವನಿಗೂ ಅದಕ್ಕೂ ಆಗ ಸಂಬಂಧವಿಲ್ಲ.

ಇಷ್ಟು ಹೊತ್ತಿಗೆ ಚುರುಕು ಮಗು ಒಂದು ಪ್ರಶ್ನೆ ಹಾಕುತ್ತದೆ, ನೀವು ತಯಾರಿರಿ. ಬೆಸಿಲಿಸ್ಕ್ ಅನ್ನುವ ದೈತ್ಯ ಹಾವಿನ ವಿಷ ಹಾರ್‌ಕ್ರಕ್ಸನ್ನು ಕೊಲ್ಲುತ್ತದೆ. ಡೈರಿ ಹಾಳಾದದ್ದು ಅದರ ಕೋರೆಹಲ್ಲಿನಿಂದಲೇ. ಅದೇ ಹಲ್ಲು ಹ್ಯಾರಿಯ ತೋಳಿಗೂ ಚುಚ್ಚಿತ್ತು. ಹಾಗಾದರೆ ಅವನೊಳಗಿನ ಚೂರು ಆಗಲೇ ಯಾಕೆ ಸಾಯಲಿಲ್ಲ? ಇಲ್ಲಿ ಏಳನೇ ಪುಸ್ತಕದಲ್ಲಿ ಹ್ಯಾರಿಯ ಗೆಳತಿ ಹರ್ಮಾಯ್ನಿ ಹೇಳುವ ನಿಯಮ ಬೇಕು. ಮನುಷ್ಯನ ಮೈ ಸೀಳಿದರೂ ಆತ್ಮಕ್ಕೆ ಏನೂ ಆಗುವುದಿಲ್ಲ, ಆದರೆ ಹಾರ್‌ಕ್ರಕ್ಸ್‌ನಲ್ಲಿ ಉಲ್ಟಾ. ಒಳಗಿನ ಚೂರು ಬದುಕುವುದು ಹೊರಗಿನ ವಸ್ತು ಇರುವ ತನಕ ಮಾತ್ರ. ಆ ವಸ್ತುವೂ ಯಾವ ಮಾಯೆಯಿಂದಲೂ ರಿಪೇರಿ ಆಗದಷ್ಟು ಹಾಳಾಗಬೇಕು. ಸುಮ್ನೆ ಗೀರಿದರೆ, ಒಡೆದರೆ ಆಗದು. ಬೆಸಿಲಿಸ್ಕ್ ವಿಷಕ್ಕೆ ಇರುವುದು ಒಂದೇ ಮದ್ದು, ಫೀನಿಕ್ಸ್ ಹಕ್ಕಿಯ ಕಣ್ಣೀರು. ಡೈರಿಗೆ ಅದು ಸಿಗಲಿಲ್ಲ, ಹ್ಯಾರಿಗೆ ಸಿಕ್ಕಿತು. ಅವನ ಮೈ ವಾಸಿಯಾಯಿತು, ಒಳಗಿನ ಚೂರೂ ಉಳಿಯಿತು. ಗ್ರಿಫಿಂಡರ್ ಕತ್ತಿ ಕೆಲಸ ಮಾಡುವುದೂ ಇದೇ ಕಾರಣಕ್ಕೆ, ಬೆಸಿಲಿಸ್ಕನ್ನು ಕೊಂದಾಗ ಅದು ವಿಷ ಕುಡಿದಿತ್ತು.

ಕೊನೆಯ ರಾತ್ರಿಯ ಲೆಕ್ಕವನ್ನು ಮಗುವಿನ ಕೈಯಲ್ಲೇ ಬರೆಸಿ. ಕಾಳಗಕ್ಕೆ ಮುಂಚೆ ಉಳಿದದ್ದು ನಾಲ್ಕು: ಬಟ್ಟಲು, ಕಿರೀಟ, ಹ್ಯಾರಿ, ಮತ್ತೆ 1981ರ ನಂತರ ಹಾರ್‌ಕ್ರಕ್ಸ್ ಆದ ನಾಗಿಣಿ ಹಾವು. ಹರ್ಮಾಯ್ನಿ ಬಟ್ಟಲಿಗೆ ಬೆಸಿಲಿಸ್ಕ್ ಹಲ್ಲು ಚುಚ್ಚುತ್ತಾಳೆ, ಕಿರೀಟ ಮಾಯದ ಬೆಂಕಿಗೆ ಸಿಗುತ್ತದೆ. ಶಾಲೆಯ ಪಕ್ಕದ ಕಾಡಿನಲ್ಲಿ ವೋಲ್ಡ್‌ಮಾರ್ಟ್ ತಾನೇ ಹ್ಯಾರಿಗೆ ಮಂತ್ರ ಹೊಡೆದು ತನ್ನದೇ ಚೂರನ್ನು ಕೊಂದುಕೊಳ್ಳುತ್ತಾನೆ. ಹ್ಯಾರಿ ಉಳಿದದ್ದು ಹಾರ್‌ಕ್ರಕ್ಸ್‌ನಿಂದ ಅಲ್ಲ. ಸ್ಮಶಾನದಲ್ಲಿ ತೆಗೆದುಕೊಂಡ ಹ್ಯಾರಿಯ ರಕ್ತದ ಜೊತೆ ಲಿಲಿಯ ರಕ್ಷಣೆಯೂ ವೋಲ್ಡ್‌ಮಾರ್ಟ್‌ನ ಮೈಗೆ ಹೋಗಿತ್ತು, ಅದು ಅಲ್ಲಿರುವ ತನಕ ಹ್ಯಾರಿಗೂ ಬದುಕಿನ ನಂಟು. ಈ ಎರಡನ್ನು ಕಲಸಬೇಡಿ. ಆಮೇಲೆ ಹ್ಯಾರಿಯ ಸಹಪಾಠಿ ನೆವಿಲ್ ಆ ಕತ್ತಿಯಿಂದ ಹಾವಿನ ತಲೆ ಹಾರಿಸುತ್ತಾನೆ, ಮತ್ತೆ ಮಂತ್ರ ತಿರುಗಿ ಬಡಿಯುತ್ತದೆ, ಈ ಸಲ ವೋಲ್ಡ್‌ಮಾರ್ಟ್ ಸಾಮಾನ್ಯ ಮನುಷ್ಯನ ಹಾಗೆ ಹೆಣವಾಗಿ ನೆಲಕ್ಕೆ ಬೀಳುತ್ತಾನೆ. ಸಿನಿಮಾದಲ್ಲಿ ಚೂರುಚೂರಾಗಿ ಗಾಳಿಗೆ ಹಾರುತ್ತಾನೆ. ನೋಡಲು ಭಾರಿ, ಆದರೆ ಬಿದ್ದ ಹೆಣವೇ ಇಲ್ಲಿ ಮುಖ್ಯ. ಪುಸ್ತಕವನ್ನೇ ಓದಿಸಿ, ಎರಡು ನಿಮಿಷದ ರೀಲ್ಸ್ ಅಂತೂ ಬೇಡವೇ ಬೇಡ.

ತಿಳಿಯಿತೋ ಇಲ್ಲವೋ ನೋಡಲು ಒಂದೇ ಪ್ರಶ್ನೆ ಕೇಳಿ: ನೆವಿಲ್‌ನ ಕತ್ತಿ ತಪ್ಪಿ, ಹಾವು ಬದುಕಿದ್ದಾಗಲೇ ಮಂತ್ರ ತಿರುಗಿ ಬಡಿದಿದ್ದರೆ? "ಮೈ ಹೋಗ್ತಿತ್ತು, ಅಂವಾ ಮತ್ತ ಕಾಡಿಗೆ ಓಡ್ತಿದ್ದ" ಅಂದರೆ ಪಾಸು. "ಸಾಯ್ತಿದ್ದ" ಅಂದರೆ 1981ರಿಂದ ಮತ್ತೆ ಶುರು ಮಾಡಿ.