ಸಮೀಕ್ಷೆ ಕೈಯಲ್ಲಿದೆ, ಸಾಹೇಬರ ಬಳಿ ಹತ್ತೇ ನಿಮಿಷ

ರಾಯಚೂರಿನ ಒಂದು ಜಿನ್ನಿಂಗ್ ಮಿಲ್ಲು ಅಂತಿಟ್ಟುಕೊಳ್ಳಿ. ಹೋದ ಹಂಗಾಮಿನಲ್ಲಿ ಹತ್ತಿ ತಂದ ರೈತರು ಈ ಸಲ ಬೇರೆ ಕಡೆ ತಿರುಗುತ್ತಿದ್ದಾರೆ. ಯಾಕೆಂದು ತಿಳಿಯಲು ಹಳೆಯ ರಸೀದಿಗಳಿಂದ ಚೀಟಿ ಎತ್ತಿ 300 ರೈತರಿಗೆ ಫೋನ್ ಮಾಡಿ, ಹನ್ನೆರಡು ಪ್ರಶ್ನೆ ಕೇಳಿದ್ದಾಯಿತು. 240 ಮಂದಿ ಉತ್ತರಿಸಿದರು. ಸೋಮವಾರ ಆಡಳಿತ ಮಂಡಳಿ ಮುಂದೆ ನಿಮಗೆ ಹತ್ತು ನಿಮಿಷ. (ಮಿಲ್ಲೂ ಲೆಕ್ಕವೂ ಉದಾಹರಣೆಗೆಂದು ನಾನು ಕಟ್ಟಿಕೊಂಡವು.)

ಇಂಥದ್ದೇ ಒಂದು ಸಭೆಗೆ ನಾನು ಹಿಂದೊಮ್ಮೆ ಹನ್ನೆರಡು ಪ್ರಶ್ನೆಗೆ ಹನ್ನೆರಡು ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಐದನೆಯದಕ್ಕೇ ಹಿರಿಯರೊಬ್ಬರು ಕೈ ಎತ್ತಿ, 'ಅಲ್ರಿ, ಈಗ ನಾವೇನ್ ಮಾಡ್ಬೇಕಂತೀರಿ?' ಅಂದರು. ಉತ್ತರ ಹನ್ನೊಂದನೇ ಸ್ಲೈಡಿನಲ್ಲಿತ್ತು. ಅಲ್ಲಿಗೆ ನಾವು ತಲುಪಲೇ ಇಲ್ಲ.

ಮೊದಲು ನಿರ್ಧಾರ ಯಾವುದೆಂದು ಕೇಳಿ

ಎಕ್ಸೆಲ್ ತೆರೆಯುವ ಮೊದಲು ಮ್ಯಾನೇಜರರ ಹತ್ತಿರ ಹೋಗಿ, ಈ ಸಭೆಯಲ್ಲಿ ಏನನ್ನು ತೀರ್ಮಾನಿಸುವುದಿದೆ ಎಂದು ಕೇಳಿ. 'ದರ ಏರಿಸಬೇಕೋ, ಹಣ ಬೇಗ ಕೊಡಬೇಕೋ' ಎಂಬುದು ಪ್ರಶ್ನೆಯಾದರೆ, ಕ್ಯಾಂಟೀನ್ ಚಹಾ ಹೇಗಿತ್ತೆಂಬ ಉತ್ತರಕ್ಕೆ ಸೋಮವಾರ ಕೆಲಸವಿಲ್ಲ.

ಸರಾಸರಿಯನ್ನು ಒಡೆದು ನೋಡಿ

'ಮುಂದಿನ ವರ್ಷ ನಮಗೇ ಹತ್ತಿ ಕೊಡುತ್ತೀರಾ?' ಎಂಬುದಕ್ಕೆ 156 ಮಂದಿ ಹೌದೆಂದರು, ಅಂದರೆ ಶೇ 65. ಇದನ್ನು ಕೇಳಿ ಯಾರೂ ಕುರ್ಚಿಯಿಂದ ಏಳುವುದಿಲ್ಲ. ಆದರೆ ಅದೇ ಪಟ್ಟಿಯನ್ನು ಹಣ ಸಿಕ್ಕ ದಿನದ ಮೇಲೆ ಎರಡು ಪಾಲು ಮಾಡಿ. ಮೂರು ದಿನದೊಳಗೆ ಹಣ ಬಂದ 150 ಮಂದಿಯಲ್ಲಿ 120 ಜನ ಹೌದೆಂದಿದ್ದಾರೆ, ಶೇ 80. ಅದಕ್ಕಿಂತ ತಡವಾದ 90 ಮಂದಿಯಲ್ಲಿ 36 ಜನ ಮಾತ್ರ, ಶೇ 40. ಶೇ 65ರ ಹಿಂದೆ ಎರಡು ಬೇರೆ ಬೇರೆ ಗುಂಪುಗಳೇ ಅಡಗಿದ್ದವು.

C ಕಾಲಮ್ಮಿನಲ್ಲಿ ಪಾವತಿ, D ಕಾಲಮ್ಮಿನಲ್ಲಿ ಉತ್ತರ ಇದ್ದರೆ ತಡವಾದವರಲ್ಲಿ ಹೌದೆಂದವರ ಪಾಲು ಹೀಗೆ ಸಿಗುತ್ತದೆ:

```
=COUNTIFS(C2:C241,"ತಡ",D2:D241,"ಹೌದು")/COUNTIF(C2:C241,"ತಡ")
```

ಇದೇ ರೀತಿ ತಾಲ್ಲೂಕು, ಜಮೀನು, ತೂಕಕ್ಕೆ ಕಾದ ಸಮಯ ಎಲ್ಲದರ ಮೇಲೂ ಒಡೆದು ನೋಡಿ. ಅಂತರ ಎಲ್ಲಿ ದೊಡ್ಡದೋ, ಮತ್ತು ಎಲ್ಲಿ ಮಂಡಳಿಯ ಕೈಯಲ್ಲಿ ಏನಾದರೂ ಮಾಡುವುದಿದೆಯೋ, ಅದೇ ನಿಮ್ಮ ಒಂದು ಮಾತು. ಒಂದು ಗುಂಪಿನಲ್ಲಿ ಎಂಟು, ಒಂಬತ್ತು ಮಂದಿಯೇ ಇದ್ದರೆ ಶೇಕಡಾ ಹೇಳಬೇಡಿ, ತಲೆ ಎಣಿಕೆ ಹೇಳಿ.

ನಿಮ್ಮ ಮಾತನ್ನು ನೀವೇ ಜಗ್ಗಿ ನೋಡಿ

ನನ್ನ ಪ್ರಕಾರ ಹೆಚ್ಚು ಹೊತ್ತು ಕೂರಬೇಕಾದದ್ದು ಇಲ್ಲಿ. ದೂರದ ಊರಿನವರಿಗೇ ಹಣ ತಡವಾಗಿದ್ದು, ಅವರು ನಿಜಕ್ಕೂ ಬೇಸತ್ತದ್ದು ಗಾಡಿ ಬಾಡಿಗೆಗೆ ಇರಬಹುದಲ್ಲವೇ? ಹತ್ತಿರದವರನ್ನೂ ದೂರದವರನ್ನೂ ಬೇರೆ ಬೇರೆ ಮಾಡಿ ಅದೇ ಲೆಕ್ಕ ಹಾಕಿ. ಎರಡರಲ್ಲೂ ಅಂತರ ಉಳಿದರೆ ಮಾತು ಗಟ್ಟಿ. ಕರಗಿದರೆ ನಿಮ್ಮ ಕಥೆ ಬಾಡಿಗೆಯದು, ಪಾವತಿಯದಲ್ಲ.

90 ಮಂದಿಯ ಲೆಕ್ಕದಲ್ಲಿ ಶೇ 40 ಎಂದರೆ ಸುಮಾರು ಹತ್ತು ಅಂಶ ಆಚೀಚೆ ಇರಬಹುದು. ಅಂತರ ನಲವತ್ತು ಅಂಶದ್ದಾದ್ದರಿಂದ ಇಲ್ಲಿ ಭಯವಿಲ್ಲ. ಫೋನ್ ಎತ್ತದ 60 ಮಂದಿಯೇ ಹೆಚ್ಚು ಸಿಟ್ಟಾದವರಿರಬಹುದು. ಅವರಲ್ಲಿ ಕೆಲವರನ್ನಾದರೂ ಮತ್ತೆ ಪ್ರಯತ್ನಿಸಿ. ಇಷ್ಟಾದರೂ 'ಬೇಗ ಕೊಟ್ಟರೆ ಬಂದೇ ಬರುತ್ತಾರೆ' ಎನ್ನಲು ಸಮೀಕ್ಷೆ ಸಾಕ್ಷಿಯಲ್ಲ. ಬೇಗ ಹಣ ಸಿಕ್ಕವರು ಹಾಗೆ ಹೇಳಿದರು, ಅಷ್ಟೇ. ಹಾಗಾಗಿ ಮಂಡಳಿಯಿಂದ ಕೇಳುವುದೂ ಅಷ್ಟಕ್ಕೇ ಸರಿಹೊಂದಬೇಕು: ಒಂದು ಖರೀದಿ ಕೇಂದ್ರದಲ್ಲಿ ಒಂದು ತಿಂಗಳು ಮೂರು ದಿನದೊಳಗೆ ಪಾವತಿ, ಆಮೇಲೆ ಎಷ್ಟು ಜನ ಮತ್ತೆ ಬಂದರೆಂಬ ಎಣಿಕೆ.

ಒಂದೇ ಚಿತ್ರ

ಎರಡು ಕಂಬ ಸಾಕು: 80 ಮತ್ತು 40. ಅಳತೆ ಸೊನ್ನೆಯಿಂದಲೇ ಶುರುವಾಗಲಿ. 30ರಿಂದ ಶುರು ಮಾಡಿದರೆ ಎರಡು ಪಟ್ಟಿನ ಅಂತರ ಕಣ್ಣಿಗೆ ಐದು ಪಟ್ಟಾಗಿ ಕಾಣುತ್ತದೆ, ಲೆಕ್ಕ ಬಲ್ಲವರೊಬ್ಬರಿದ್ದರೂ ಸಿಕ್ಕಿಬೀಳುತ್ತೀರಿ. ಒಂದು ಕಂಬ ಬೂದು, ತಡವಾದದ್ದಕ್ಕೆ ಗಾಢ ಬಣ್ಣ. ತಲೆಬರಹ 'ಪಾವತಿ ವಿಶ್ಲೇಷಣೆ' ಅಲ್ಲ, ಪೂರ್ತಿ ವಾಕ್ಯ: 'ಹಣ ತಡವಾದ ಹತ್ತು ರೈತರಲ್ಲಿ ನಾಲ್ವರು ಮಾತ್ರ ಮತ್ತೆ ಬರುತ್ತೇವೆ ಅಂತಾರೆ'. ಪಕ್ಕದ ಟೇಬಲ್ಲಿನವರಿಗೆ ಐದು ಸೆಕೆಂಡು ತೋರಿಸಿ ಮುಚ್ಚಿ, ಏನು ತಿಳಿಯಿತೆಂದು ಕೇಳಿ. ಅವರು ಬೇರೇನೋ ಹೇಳಿದರೆ ಚಿತ್ರ ತಿದ್ದಿ.

ಹತ್ತು ನಿಮಿಷ ಹೀಗೆ

ಮೊದಲ ನಿಮಿಷಕ್ಕೇ ಆ ವಾಕ್ಯ ಮತ್ತು ನೀವು ಕೇಳುವುದು, ಎರಡೂ. ನಂತರ ನಾಲ್ಕು ನಿಮಿಷ ಚಿತ್ರ, ಜೊತೆಗೆ ದೂರದ ಪರೀಕ್ಷೆ. ಇಲ್ಲೇ ಒಬ್ಬ ರೈತನ ಮಾತು ಇದ್ದದ್ದು ಇದ್ದಂತೆ ಓದಿ: 'ದರ ಆಮ್ಯಾಗ ನೋಡಾಮು, ರೊಕ್ಕ ಯಾವಾಗ ಕೊಡ್ತೀರಿ ಅದನ್ನ ಮದ್ಲ ಹೇಳ್ರಿ.' ಬಹಳ ಮಂದಿ ಹೇಳಿದ್ದನ್ನು ಹೋಲುವ ಮಾತನ್ನೇ ಆರಿಸಿ, ಅಪರೂಪದ ಖಾರದ ಮಾತನ್ನಲ್ಲ. ಒಂದು ನಿಮಿಷ ಮಿತಿಗಳಿಗೆ. ಉಳಿದ ನಾಲ್ಕು ಅವರ ಪ್ರಶ್ನೆಗೆ ಬಿಡಿ.

ಮೊದಲ ಪ್ರಶ್ನೆ ಹಣದ್ದೇ ಇರುತ್ತದೆ: 'ಮೂರು ದಿನದಾಗ ಕೊಡಾಕ ಎಷ್ಟು ರೊಕ್ಕ ಕೈಯಾಗ ಇಟ್ಕೋಬೇಕು?' ಅದು ಸಮೀಕ್ಷೆಯಲ್ಲಿರುವುದಿಲ್ಲ. ಶುಕ್ರವಾರವೇ ಅಕೌಂಟೆಂಟರ ಹತ್ತಿರ ಕೂತು ಆ ಅಂಕಿ ಬರೆದುಕೊಂಡಿರಿ. ಉಳಿದ ಹನ್ನೊಂದು ಪ್ರಶ್ನೆಗಳ ಕೋಷ್ಟಕ ಕಡತದ ಕೊನೆಯಲ್ಲಿರಲಿ. ಯಾರಾದರೂ ಕೇಳಿದರೆ ಮಾತ್ರ ತೆರೆಯಿರಿ.