ಹೆಚ್ಚಿಟ್ಟ ಕಲ್ಲಂಗಡಿ, ಕರಬೂಜ: ಹೊರಗೆ ಎಷ್ಟು ಹೊತ್ತು, ಫ್ರಿಜ್ಜಿನಲ್ಲಿ ಎಷ್ಟು ದಿನ?

ಇಡೀ ಕಲ್ಲಂಗಡಿ ಹಣ್ಣು ಅಡುಗೆಮನೆಯ ತಂಪಾದ ಮೂಲೆಯಲ್ಲಿ ಒಂದು ವಾರವಾದರೂ ಕೆಡದೆ ಇರುತ್ತದೆ. ಅದೇ ಹಣ್ಣಿಗೆ ಚಾಕು ತಗುಲಿದ ಮೇಲೆ ಗಂಟೆಗಳ ಲೆಕ್ಕ ಹಿಡಿಯಬೇಕಾಗುತ್ತದೆ. ಹೆಚ್ಚಿದ ಹೋಳುಗಳನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು. ಮನೆಯೊಳಗಿನ ಬಿಸಿ 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಆ ಅವಧಿ ಒಂದೇ ಗಂಟೆ. ನಮ್ಮ ದಾವಣಗೆರೆಯಲ್ಲಿ ಮಾರ್ಚ್ ಕಳೆದ ಮೇಲೆ ಮಧ್ಯಾಹ್ನದ ಹೊತ್ತು ಫ್ಯಾನಿನ ಕೆಳಗೂ 32 ಡಿಗ್ರಿಗಿಂತ ಕಡಿಮೆ ಇರುವುದು ಅಪರೂಪವಾದ್ದರಿಂದ, ಯುಗಾದಿಯಿಂದ ಮುಂಗಾರು ಹಿಡಿಯುವವರೆಗೆ ನಾನು ಒಂದು ಗಂಟೆಯ ನಿಯಮವನ್ನೇ ಪಾಲಿಸುತ್ತೇನೆ.

ಕಲ್ಲಂಗಡಿ, ಕರಬೂಜಗಳಿಗೆ ಇಷ್ಟು ಕಟ್ಟುನಿಟ್ಟು ಏಕೆ ಎಂದು ನನ್ನ ಸೊಸೆ ಮೊದಮೊದಲು ಕೇಳುತ್ತಿದ್ದಳು. ಅನಾನಸ್, ಕಿತ್ತಳೆ, ದಾಳಿಂಬೆಗಳಲ್ಲಿ ಹುಳಿ ಇರುತ್ತದೆ. ಆ ಹುಳಿಯಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗಳು ಸುಲಭವಾಗಿ ಬೆಳೆಯಲಾರವು. ಕಲ್ಲಂಗಡಿಯಲ್ಲಿ ಹುಳಿ ಬಹಳ ಕಡಿಮೆ, ಕರಬೂಜದಲ್ಲಿ ಅದಕ್ಕಿಂತಲೂ ಕಡಿಮೆ. ನೀರು ಮತ್ತು ಸಕ್ಕರೆಯಂತೂ ಧಾರಾಳವಾಗಿವೆ. ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾಗೆ ಇಂತಹ ತಿರುಳು ಸಿಕ್ಕಿ ಮೇಲೆ ಬೇಸಿಗೆಯ ಬಿಸಿಯೂ ಸೇರಿತೆಂದರೆ ಅದು ಕೆಲವೇ ಗಂಟೆಗಳಲ್ಲಿ ಹಲವು ಪಟ್ಟು ಬೆಳೆಯುತ್ತದೆ. ಪರಂಗಿ ಹಣ್ಣನ್ನೂ ಇದೇ ಗುಂಪಿಗೆ ಸೇರಿಸಿಕೊಳ್ಳಿ, ಅದರಲ್ಲಿಯೂ ಹುಳಿ ಕಡಿಮೆ.

ಬ್ಯಾಕ್ಟೀರಿಯಾ ತಿರುಳಿನೊಳಗೆ ಹುಟ್ಟಿ ಬರುವುದಿಲ್ಲ. ಸಾಮಾನ್ಯವಾಗಿ ಅದು ಸಿಪ್ಪೆಯ ಮೇಲಿರುತ್ತದೆ. ಈ ಹಣ್ಣುಗಳು ಹೊಲದಲ್ಲಿ ನೆಲಕ್ಕೆ ತಾಗಿಕೊಂಡೇ ಬಲಿಯುತ್ತವೆ, ಅನಂತರ ಲಾರಿ, ಮಂಡಿ, ರಸ್ತೆ ಬದಿಯ ರಾಶಿಗಳನ್ನು ದಾಟಿ ಮನೆಗೆ ಬರುತ್ತವೆ. ತೊಳೆಯದ ಹಣ್ಣನ್ನು ಕತ್ತರಿಸಿದರೆ ಸಿಪ್ಪೆಯ ಮೇಲಿದ್ದದ್ದನ್ನೆಲ್ಲ ಚಾಕುವೇ ತಿರುಳಿನೊಳಗೆ ಕೊಂಡೊಯ್ಯುತ್ತದೆ. ಕಲ್ಲಂಗಡಿಯ ನುಣುಪಾದ ಸಿಪ್ಪೆ ತೊಳೆದರೆ ಸ್ವಚ್ಛವಾಗುತ್ತದೆ, ಆದರೆ ಬಲೆ ಹೆಣೆದಂತೆ ಗೆರೆಗಳಿರುವ ಕರಬೂಜದ ಸಿಪ್ಪೆಯ ಸಂದುಗಳಲ್ಲಿ ಕೊಳೆ ಕುಳಿತುಬಿಡುತ್ತದೆ. 2011ರಲ್ಲಿ ಅಮೆರಿಕದಲ್ಲಿ ಕೊಲೊರಾಡೊ ರಾಜ್ಯದ ಒಂದು ತೋಟದ ಕರಬೂಜದಿಂದ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ಹರಡಿ 30ಕ್ಕೂ ಹೆಚ್ಚು ಜನರು ಸತ್ತರು. ಆದ್ದರಿಂದ ಕತ್ತರಿಸುವ ಮೊದಲು ಹಣ್ಣನ್ನು ಹರಿಯುವ ನೀರಿನಲ್ಲಿ ಹಿಡಿದು, ತರಕಾರಿಗೆಂದೇ ಇಟ್ಟುಕೊಂಡ ಬ್ರಶ್ಶಿನಿಂದ ಎಲ್ಲ ಕಡೆ ಉಜ್ಜಿ, ಒಣ ಬಟ್ಟೆಯಿಂದ ಒರೆಸಬೇಕು. ಸೋಪು ಬೇಡ. ಮೀನು, ಮಾಂಸ ಹೆಚ್ಚಿದ ಮಣೆ ಮತ್ತು ಚಾಕುವನ್ನು ಹಣ್ಣಿಗೆ ಬಳಸಬೇಡಿ.

ಹಲವು ವರ್ಷಗಳ ಹಿಂದೆ ರಾಮನವಮಿಯ ದಿನ ನಾನೇ ಒಂದು ತಪ್ಪು ಮಾಡಿದ್ದೆ. ಸಂಜೆ ಬರುವವರಿಗೆ ಅವಸರವಾಗಬಾರದೆಂದು ಬೆಳಗ್ಗೆ ಹತ್ತು ಗಂಟೆಗೇ ಕರಬೂಜ ಹೆಚ್ಚಿ, ಬೆಲ್ಲ, ಏಲಕ್ಕಿ ಹಾಕಿ ಪಾನಕ ಮಾಡಿ, ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟೆ. ಸಂಜೆ ಐದಕ್ಕೆ ರುಚಿ ನೋಡಿದಾಗ ಯಾವ ದೋಷವೂ ಕಾಣಲಿಲ್ಲ. ಆ ರಾತ್ರಿ ಮನೆಯ ಇಬ್ಬರು ಮಕ್ಕಳಿಗೆ ವಾಂತಿ, ಭೇದಿಯಾಯಿತು. ಕಾರಣ ಪಾನಕವೇ ಎಂದು ಯಾರೂ ಪರೀಕ್ಷಿಸಿ ಹೇಳಲಿಲ್ಲ, ಆದರೆ ಏಳು ಗಂಟೆ ಹೊರಗಿದ್ದ ಕರಬೂಜವನ್ನು ಮಕ್ಕಳಿಗೆ ಕೊಟ್ಟದ್ದು ಇಂದಿಗೂ ನನ್ನ ಮನಸ್ಸಿಗೆ ನೋವು ಕೊಡುತ್ತದೆ. ಬೆಲ್ಲವಾಗಲಿ, ಉಪ್ಪಾಗಲಿ, ನಾಲ್ಕು ಹನಿ ನಿಂಬೆರಸವಾಗಲಿ ಹಣ್ಣನ್ನು ಕಾಪಾಡುವುದಿಲ್ಲ. ಹುಳಿ ವಾಸನೆ, ಲೋಳೆ, ನೊರೆ, ಗುಳ್ಳೆ ಕಂಡರೆ ಹಣ್ಣು ಕೆಟ್ಟಿರುವುದು ಖಚಿತ. ಅವು ಕಾಣದಿದ್ದರೆ ಹಣ್ಣು ಚೆನ್ನಾಗಿದೆ ಎಂದು ಮಾತ್ರ ತಿಳಿಯಬಾರದು, ಏಕೆಂದರೆ ರೋಗ ತರುವ ಬ್ಯಾಕ್ಟೀರಿಯಾ ಬಣ್ಣವನ್ನೂ ರುಚಿಯನ್ನೂ ಬದಲಿಸದೆಯೇ ಬೆಳೆಯಬಲ್ಲದು. ನಂಬಬೇಕಾದದ್ದು ಗಡಿಯಾರವನ್ನೇ.

ಈ ಗಡಿಯಾರದ ಲೆಕ್ಕದಲ್ಲಿ ಹಲವರು ಎಡವುವುದು ಕೂಡಿಸುವಲ್ಲಿ. ಏಪ್ರಿಲ್‌ನ ಒಂದು ದಿನ ಐದು ಕಿಲೋ ಕಲ್ಲಂಗಡಿಯನ್ನು ಹನ್ನೊಂದು ಗಂಟೆಗೆ ಹೆಚ್ಚಿದಿರಿ ಎಂದುಕೊಳ್ಳಿ. ಎಲ್ಲರೂ ತಿಂದು ಉಳಿದದ್ದನ್ನು ಹನ್ನೊಂದೂಮುಕ್ಕಾಲಿಗೆ ಫ್ರಿಜ್ಜಿಗೆ ಇಟ್ಟಿರಿ. ನಾಲ್ಕು ಗಂಟೆಗೆ ನೆಂಟರು ಬಂದರೆಂದು ಅದೇ ಡಬ್ಬಿಯನ್ನು ಹೊರಗೆ ತಂದು, ಅರ್ಧ ಗಂಟೆ ಮಾತಾಡುತ್ತ ಕುಳಿತಿರಿ. ಒಟ್ಟು ಒಂದೂಕಾಲು ಗಂಟೆಯಾಯಿತು, ಅಂದರೆ ಬೇಸಿಗೆಯ ಮಿತಿ ಮೀರಿತು. ಆ ಡಬ್ಬಿಯಲ್ಲಿ ಉಳಿದದ್ದನ್ನು ಮತ್ತೆ ಒಳಗೆ ಇಟ್ಟು ರಾತ್ರಿಗೆ ಕೊಡಬಾರದು. ಫ್ರಿಜ್ಜಿನಲ್ಲಿದ್ದ ಹೊತ್ತು ಹಳೆಯ ಲೆಕ್ಕವನ್ನು ಅಳಿಸುವುದಿಲ್ಲ. ಇದನ್ನು ತಪ್ಪಿಸುವ ಉಪಾಯ ಸುಲಭವಾಗಿದೆ: ಅರ್ಧ ಹಣ್ಣನ್ನು ಮಾತ್ರ ಹೆಚ್ಚಿ, ಉಳಿದರ್ಧವನ್ನು ಕತ್ತರಿಸಿದ ಕೂಡಲೇ ಮುಚ್ಚಿ ಒಳಗಿಡಿ, ನೆಂಟರಿಗೆ ಬೇಕಾದಷ್ಟನ್ನೇ ಬೇರೆ ತಟ್ಟೆಗೆ ಹಾಕಿ ಡಬ್ಬಿಯನ್ನು ತಕ್ಷಣ ಒಳಗೆ ಸೇರಿಸಿ.

ಫ್ರಿಜ್ಜಿನೊಳಗಿನ ಮಾತೂ ಇಷ್ಟೇ ಗಮನ ಬೇಡುತ್ತದೆ. ಹೆಚ್ಚಿದ ಕಲ್ಲಂಗಡಿ, ಕರಬೂಜ, ಪರಂಗಿಗಳನ್ನು 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ತಂಪಿನಲ್ಲಿ ಮುಚ್ಚಿಟ್ಟರೆ ಮೂರು ದಿನ, ಹೆಚ್ಚೆಂದರೆ ನಾಲ್ಕು ದಿನ ಇಡಬಹುದು. ನಮ್ಮ ಮನೆಯಲ್ಲಿ ನಾನು ಮೂರಕ್ಕೇ ನಿಲ್ಲಿಸುತ್ತೇನೆ. ಬಾಗಿಲನ್ನು ಗಳಿಗೆಗೊಮ್ಮೆ ತೆರೆಯುವ ಮನೆಗಳಲ್ಲಿ ಫ್ರಿಜ್ಜು 7-8 ಡಿಗ್ರಿಯಲ್ಲಿರುವುದು ಸಾಮಾನ್ಯ. ಒಂದು ಸಣ್ಣ ಥರ್ಮಾಮೀಟರನ್ನು ನೀರು ತುಂಬಿದ ಲೋಟದಲ್ಲಿ ನಿಲ್ಲಿಸಿ, ನಡುವಿನ ಶೆಲ್ಫಿನಲ್ಲಿಟ್ಟು, ಮರುದಿನ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ನೋಡಿದರೆ ನಿಜ ತಿಳಿಯುತ್ತದೆ. ಹಣ್ಣಿನ ಡಬ್ಬಿಯನ್ನು ಬಾಗಿಲಿನ ಬದಿಗೆ ಇಡದೆ ಒಳಗಿನ ಶೆಲ್ಫಿನಲ್ಲಿ ಹಿಂದಕ್ಕೆ ಸರಿಸಿ ಇಡಿ. ದೊಡ್ಡ ಅರ್ಧ ಹೋಳಿನ ನಡುಭಾಗ ತಣಿಯಲು ಬಹಳ ಗಂಟೆಗಳು ಬೇಕಾಗುವುದರಿಂದ, ಸಾಧ್ಯವಾದರೆ ಇಡೀ ಹಣ್ಣನ್ನು ತೊಳೆದು ಒರೆಸಿ, ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟು, ತಣ್ಣಗಾದ ಮೇಲೆ ಕತ್ತರಿಸಿ. ಆಗಲಿಲ್ಲವೆಂದರೆ ಹೋಳುಗಳನ್ನು ಆಳವಿಲ್ಲದ ಅಗಲವಾದ ಡಬ್ಬಿಯಲ್ಲಿ ತೆಳುವಾಗಿ ಹರಡಿ ಮುಚ್ಚಿಡಿ, ಮುಚ್ಚಳದ ಮೇಲೆ ಕತ್ತರಿಸಿದ ದಿನ ಬರೆಯಿರಿ.

ಲಿಸ್ಟೀರಿಯಾ ಮಾತ್ರ ಫ್ರಿಜ್ಜಿನ ತಂಪಿನಲ್ಲಿಯೂ ನಿಧಾನವಾಗಿ ಬೆಳೆಯುತ್ತದೆ. ಅದಕ್ಕಾಗಿ ಮನೆಯಲ್ಲಿ ಗರ್ಭಿಣಿಯರು, ಎಳೆಯ ಮಕ್ಕಳು, ನನ್ನಂತಹ ವಯಸ್ಸಾದವರು ಅಥವಾ ದೇಹದ ಪ್ರತಿರೋಧ ಶಕ್ತಿ ತಗ್ಗಿಸುವ ಚಿಕಿತ್ಸೆಯಲ್ಲಿರುವವರು ಇದ್ದರೆ ಅವರಿಗೆ ಆಗ ತಾನೆ ಹೆಚ್ಚಿದ ಹಣ್ಣನ್ನೇ ಕೊಡಿ, ರಸ್ತೆ ಬದಿಯಲ್ಲಿ ಹೆಚ್ಚಿಟ್ಟ ತಟ್ಟೆಯನ್ನು ಕೊಡಿಸಬೇಡಿ. ಅದನ್ನು ಯಾವಾಗ ಕತ್ತರಿಸಿದರೆಂದು ನಿಮಗೆ ಗೊತ್ತಾಗುವುದೇ ಇಲ್ಲ. ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿದಿರುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಕರೆಂಟು ಇಲ್ಲದಿದ್ದರೆ ಹೆಚ್ಚಿದ ಹಣ್ಣನ್ನು ಮುಟ್ಟಿ ತಣ್ಣಗಿದೆಯೆಂದು ಉಳಿಸಿಕೊಳ್ಳದೆ ಎಸೆದುಬಿಡಿ.

ಮೂರು ದಿನದಲ್ಲಿ ಮುಗಿಯುವುದಿಲ್ಲವೆಂದು ಕತ್ತರಿಸಿದ ದಿನವೇ ತೋರಿದರೆ, ಬೀಜ ತೆಗೆದ ಹೋಳುಗಳನ್ನು ಆಗಲೇ ಫ್ರೀಜರಿಗೆ ಹಾಕಿ. ಕರಗಿದಾಗ ಅವು ಮೆತ್ತಗಾಗಿ ನೀರು ಬಿಡುತ್ತವೆ, ಹಾಗೆಯೇ ತಿನ್ನಲು ಸೊಗಸಿರುವುದಿಲ್ಲ; ಗಟ್ಟಿಯಿದ್ದಾಗಲೇ ಮಿಕ್ಸಿಗೆ ಹಾಕಿ ತಿರುಗಿಸಿದರೆ ಐಸ್ ಹಾಕದೆಯೇ ಒಳ್ಳೆಯ ಶರಬತ್ತು ಆಗುತ್ತದೆ.