ಜರ್ಮನಿಯ ಫ್ಲ್ಯಾಟಿನಲ್ಲಿ ಹೇಳದೆ ಕೊಟ್ಟ ಒಳಬಾಡಿಗೆ: ಮಾಲೀಕರು ಏನು ಮಾಡಬೇಕು

ಮೂರು ಕೋಣೆಯ ಫ್ಲ್ಯಾಟು, ಕರಾರಿನಲ್ಲಿ ಒಬ್ಬರದೇ ಹೆಸರು. ಆದರೆ ಕೆಳಗಿನ ಕರೆಗಂಟೆಯ ಫಲಕದಲ್ಲಿ ಟೇಪು ಹಚ್ಚಿ ಅಂಟಿಸಿದ ಇನ್ನೆರಡು ಹೆಸರು, ವರ್ಷದ ಲೆಕ್ಕದಲ್ಲಿ ನೀರಿನ ಬಳಕೆ ದುಪ್ಪಟ್ಟು. ಜರ್ಮನಿಯಲ್ಲಿ ಮನೆ ಬಾಡಿಗೆಗೆ ಕೊಟ್ಟ ಮಾಲೀಕರಿಗೆ ಅನುಮಾನ ಹುಟ್ಟುವುದು ಸಾಮಾನ್ಯವಾಗಿ ಹೀಗೆ.

ಅಷ್ಟಕ್ಕೇ ಒಳಬಾಡಿಗೆ ಎಂದು ತೀರ್ಮಾನಿಸಬೇಡಿ. ಗಂಡ, ಹೆಂಡತಿ, ಮಕ್ಕಳು ಬಂದಿರಲು ನಿಮ್ಮ ಒಪ್ಪಿಗೆ ಬೇಡ, ಕೆಲವು ವಾರ ಉಳಿಯುವ ಅತಿಥಿಗಳಿಗೂ ಬೇಡ. ಫಲಕದ ಫೋಟೊ ತೆಗೆದಿಡಿ. ಕೋಣೆಯ ಜಾಹೀರಾತು ಕಂಡರೆ ತಾರೀಕು ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬಹಳ ಜನರಿಗೆ ತಿಳಿಯದ ದಾರಿ ಇನ್ನೊಂದಿದೆ: ಕಾನೂನಿನ ಕಾರಣ ತೋರಿಸಿದರೆ, ನಿಮ್ಮ ಮನೆಯ ವಿಳಾಸದಲ್ಲಿ ಯಾರ್‍ಯಾರು ನೋಂದಾಯಿಸಿದ್ದಾರೆ ಎಂದು ಊರಿನ ನಿವಾಸಿ ನೋಂದಣಿ ಕಚೇರಿ ಮಾಲೀಕರಿಗೆ ಶುಲ್ಕವಿಲ್ಲದೆ ತಿಳಿಸುತ್ತದೆ. ಇನ್ನೊಂದು ಬೀಗದ ಕೈ ಕೈಯಲ್ಲಿದೆ ಎಂದು ಒಳಗೆ ಹೋಗಿ ನೋಡಬೇಡಿ, ಬೀಗವನ್ನೂ ಬದಲಿಸಬೇಡಿ. ಹಾಗೆ ಮಾಡಿದರೆ ತಪ್ಪು ನಿಮ್ಮ ತಲೆಗೆ ಬರುತ್ತದೆ.

ಮುಂದಿನ ಪ್ರಶ್ನೆಯಲ್ಲೇ ಹೆಚ್ಚಿನವರು ಎಡವುವುದು. ಬಾಡಿಗೆದಾರ ತಾನೂ ಅಲ್ಲೇ ಇದ್ದಾನೆಯೇ? ನಾಗರಿಕ ಸಂಹಿತೆಯ 540ನೇ ಕಲಮಿನ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಮನೆಯನ್ನು ಬೇರೆಯವರಿಗೆ ಕೊಡುವಂತಿಲ್ಲ. ಆದರೆ ತನಗೊಂದು ಕೋಣೆ ಉಳಿಸಿಕೊಂಡು, ಕರಾರಾದ ಮೇಲೆ ಹುಟ್ಟಿದ ನ್ಯಾಯವಾದ ಕಾರಣಕ್ಕೆ, ಅಂದರೆ ಸಂಬಳ ಕಡಿಮೆಯಾಯಿತು ಎಂದೋ ಜೊತೆಗಿದ್ದವರು ಬಿಟ್ಟುಹೋದರು ಎಂದೋ, ಉಳಿದದ್ದನ್ನು ಕೊಟ್ಟಿದ್ದರೆ 553ನೇ ಕಲಮಿನಡಿ ಒಪ್ಪಿಗೆ ಪಡೆಯುವ ಹಕ್ಕೇ ಅವನಿಗಿರಬಹುದು. ಅಂಥ ಹಕ್ಕಿದ್ದೂ ಕೇಳದೆ ಕೊಟ್ಟದ್ದು ತಪ್ಪೇ, ಆದರೆ ಅಷ್ಟಕ್ಕೆ ಮನೆ ಬಿಡಿಸುವ ದಾವೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಇಲ್ಲಿ ಒಳಬಾಡಿಗೆದಾರರ ಹೆಸರು ಕೇಳಿ ಲಿಖಿತ ಒಪ್ಪಿಗೆ ಕೊಡುವುದೇ ಜಾಣತನ. ಜನ ಹೆಚ್ಚಿ ನಿಮಗೆ ಹೊರೆಯಾಗುವುದಾದರೆ ಬಾಡಿಗೆಗೆ ತಕ್ಕಷ್ಟು ಸೇರಿಸಬೇಕೆಂಬ ಷರತ್ತನ್ನೂ ಹಾಕಬಹುದು. ಇಡೀ ಮನೆ ಕೊಟ್ಟು ತಾನು ಹೊರಟುಹೋಗಿದ್ದರೆ ಈ ರಕ್ಷಣೆ ಅವನಿಗಿಲ್ಲ.

ಒಪ್ಪಿಗೆ ಕೊಡದಿದ್ದರೆ ಮೊದಲು ಎಚ್ಚರಿಕೆ ಪತ್ರ, ಅಲ್ಲಿನ ಮಾತಿನಲ್ಲಿ 'ಆಬ್‌ಮಾನುಂಗ್'. ಯಾರು ಯಾವ ಕೋಣೆಯಲ್ಲಿದ್ದಾರೆ, ಯಾವ ತಾರೀಕಿನೊಳಗೆ ಒಳಬಾಡಿಗೆ ನಿಲ್ಲಬೇಕು, ನಿಲ್ಲದಿದ್ದರೆ ಕರಾರು ರದ್ದು ಎಂದು ಬರೆಯಿರಿ. ಒಳಬಾಡಿಗೆದಾರರಿಗೂ ನೋಟಿಸಿನ ಅವಧಿ ಇರುತ್ತದೆ, ಹಾಗಾಗಿ ಒಂದು ವಾರದ ಗಡುವು ನಡೆಯುವುದಿಲ್ಲ. ಪತ್ರ ಪೆಟ್ಟಿಗೆಗೆ ಹಾಕುವಾಗ, ಅದನ್ನು ಓದಿರುವ ಒಬ್ಬ ಸಾಕ್ಷಿಯ ಕೈಯಿಂದಲೇ ಹಾಕಿಸಿ.

ಗಡುವು ಮೀರಿದರೆ ತಕ್ಷಣದ ರದ್ದು, ಅದು ಕೋರ್ಟಿನಲ್ಲಿ ನಿಲ್ಲದಿದ್ದರೆ ನೋಟಿಸಿನ ಅವಧಿ ಕೊಟ್ಟು ರದ್ದು, ಎರಡನ್ನೂ ಒಂದೇ ಪತ್ರದಲ್ಲಿ ಕಾರಣಸಮೇತ ಕೊಡಿ. ಇದನ್ನು ಕಾಗದದ ಮೇಲೆ ಶಾಯಿ ಸಹಿಯೊಂದಿಗೇ ಕೊಡಿ. ಇಮೇಲ್, ಸ್ಕ್ಯಾನ್ ಲೆಕ್ಕಕ್ಕಿಲ್ಲ. ಕರಾರಿನಲ್ಲಿ ಮಾಲೀಕರಾಗಿ ಗಂಡ ಹೆಂಡತಿ ಇಬ್ಬರೂ ಇದ್ದರೆ ಇಬ್ಬರ ಸಹಿಯೂ ಬೇಕು. ನಿಮ್ಮ ಪರವಾಗಿ ಬೇರೆಯವರು ಸಹಿ ಹಾಕಿದರೆ ಅಧಿಕಾರ ಪತ್ರದ ಮೂಲಪ್ರತಿಯನ್ನು ಲಗತ್ತಿಸಿ. ಇಲ್ಲದಿದ್ದರೆ ಆ ಒಂದೇ ಕಾರಣಕ್ಕೆ ಬಾಡಿಗೆದಾರ ಪತ್ರವನ್ನು ತಿರಸ್ಕರಿಸಬಹುದು.

ಆಗಲೂ ಬಿಡದಿದ್ದರೆ ಮನೆ ಇರುವ ಊರಿನ ಆಮ್ಟ್ಸ್‌ಗೆರಿಷ್ಟ್ ಕೋರ್ಟಿನಲ್ಲಿ ದಾವೆ. ಒಳಬಾಡಿಗೆದಾರರನ್ನೂ ಹೆಸರು ಹಿಡಿದೇ ಪ್ರತಿವಾದಿಗಳನ್ನಾಗಿ ಸೇರಿಸಿ. ಬಾಡಿಗೆದಾರನೊಬ್ಬನ ಮೇಲಿನ ತೀರ್ಪು ಹಿಡಿದು ಬಂದ ಅಧಿಕಾರಿ, ಪಕ್ಕದ ಕೋಣೆಯಲ್ಲಿರುವವರನ್ನು ಹೊರಹಾಕಲಾರ.